ಮಾಸಿಕ ದೇಣಿಗೆ ನಿಲ್ಲಿಸುವಾಗ: ಪತ್ರ, ಮ್ಯಾಂಡೇಟ್, 80ಜಿ ರಸೀದಿ

ಸೇವಾಸಂಸ್ಥೆಗೆ ತಿಂಗಳು ತಿಂಗಳು ಕೊಡುವ ದೇಣಿಗೆ ಇಂದು ಸಾಮಾನ್ಯವಾಗಿ ದಾನಿಯ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಬ್ಯಾಂಕ್ ಖಾತೆಗೆ ನ್ಯಾಚ್ ಮ್ಯಾಂಡೇಟ್, ಮೊಬೈಲ್‌ನಲ್ಲಿ ಯುಪಿಐ ಆಟೋಪೇ ಅಥವಾ ಕಾರ್ಡ್ ಮೇಲಿನ ಇ-ಮ್ಯಾಂಡೇಟ್ ಇದರ ಸಾಧನ. ಆದ್ದರಿಂದ ದೇಣಿಗೆ ನಿಲ್ಲಿಸುವುದೆಂದರೆ ಎರಡು ಕೆಲಸ: ಸಂಸ್ಥೆಗೆ ತಿಳಿಸುವುದು ಮತ್ತು ಮ್ಯಾಂಡೇಟ್ ರದ್ದುಮಾಡುವುದು. ಮೊದಲನೆಯದನ್ನು ಬಿಟ್ಟರೆ ಸಂಸ್ಥೆ ಬಾರದ ಹಣವನ್ನು ಲೆಕ್ಕಕ್ಕೆ ಹಿಡಿದು ಕೂರುತ್ತದೆ. ಎರಡನೆಯದನ್ನು ಬಿಟ್ಟರೆ ಹಣ ಕಡಿತವಾಗುತ್ತಲೇ ಇರುತ್ತದೆ.

ಒಂದು ಉದಾಹರಣೆ ನೋಡಬಹುದು. ಒಬ್ಬ ಉದ್ಯೋಗಿಯ ಖಾತೆಯಿಂದ 2024ರ ಏಪ್ರಿಲ್‌ನಿಂದ ಪ್ರತಿ ತಿಂಗಳು 5ರಂದು 1,000 ರೂಪಾಯಿ ಒಂದು ಸಂಸ್ಥೆಗೆ ಹೋಗುತ್ತಿದೆ. ಸೆಪ್ಟೆಂಬರ್ ಕಂತಿನ ನಂತರ ನಿಲ್ಲಿಸಬೇಕು. ಕಡಿತದ ಸೂಚನೆ ಬ್ಯಾಂಕಿಗೆ ಕೆಲವು ದಿನ ಮೊದಲೇ ಹೋಗುವುದರಿಂದ ಅಕ್ಟೋಬರ್ 3ಕ್ಕೆ ಬರೆದರೆ ತಡವಾಗಬಹುದು. ಸೆಪ್ಟೆಂಬರ್ ಮಧ್ಯದಲ್ಲೇ ಇಮೇಲ್ ಕಳಿಸುವುದು ಕ್ಷೇಮ. ಪತ್ರಕ್ಕೆ ನಾಲ್ಕೈದು ಸಾಲು ಸಾಕು:

"ಮಾನ್ಯರೇ, ನನ್ನ ಮಾಸಿಕ ದೇಣಿಗೆಯನ್ನು ಸೆಪ್ಟೆಂಬರ್ ಕಂತಿನೊಂದಿಗೆ ನಿಲ್ಲಿಸುತ್ತಿದ್ದೇನೆ. ಅಕ್ಟೋಬರ್‌ನಿಂದ ಹಣ ಕಡಿತವಾಗದಂತೆ ಮ್ಯಾಂಡೇಟ್ ರದ್ದುಮಾಡಿ ತಿಳಿಸಬೇಕಾಗಿ ವಿನಂತಿ. ಈವರೆಗಿನ ಆರು ಕಂತುಗಳ ಪ್ರಮಾಣಪತ್ರವನ್ನು ಇದೇ ಇಮೇಲ್ ವಿಳಾಸಕ್ಕೆ ಕಳಿಸಿಕೊಡಿ. ನಿಮ್ಮ ಕೆಲಸಕ್ಕೆ ಶುಭವಾಗಲಿ."

ಕೆಳಗೆ ಹೆಸರು, ದಾನಿಯ ಸಂಖ್ಯೆ ಮತ್ತು ಪ್ಯಾನ್ ಇರಬೇಕು. ಕಾರಣ ಹೇಳಲೇಬೇಕೆಂದಿಲ್ಲ. ಸಂಸ್ಥೆಯವರು ಫೋನ್ ಮಾಡಿ ಮೊತ್ತ ಕಡಿಮೆ ಮಾಡಿ ಮುಂದುವರಿಸಲು ಕೇಳಿದರೆ, ಆಗದಿದ್ದಲ್ಲಿ "ಈಗ ಸಾಧ್ಯವಿಲ್ಲ, ಕ್ಷಮಿಸಿ" ಎಂದರೆ ಮುಗಿಯಿತು. "ನೋಡೋಣ" ಎಂಬ ಉತ್ತರ ಇನ್ನೊಂದು ಕರೆಗೆ ದಾರಿ ಮಾಡುತ್ತದೆ.

ಮ್ಯಾಂಡೇಟನ್ನು ದಾನಿಯೂ ರದ್ದುಮಾಡಬಹುದು. ಯುಪಿಐ ಆದರೆ ಆಪ್‌ನ ಆಟೋಪೇ ಪಟ್ಟಿಯಲ್ಲಿ, ನ್ಯಾಚ್ ಆದರೆ ಬ್ಯಾಂಕಿನ ಮೂಲಕ. ಯುಪಿಐ ಮತ್ತು ಕಾರ್ಡ್ ಕಡಿತಗಳಿಗೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಅಕ್ಟೋಬರ್‌ನಲ್ಲೂ ಆ ಸಂದೇಶ ಬಂದರೆ ಮ್ಯಾಂಡೇಟ್ ಇನ್ನೂ ಜೀವಂತವಾಗಿದೆ ಎಂದರ್ಥ. ಖಾತೆಯಲ್ಲಿ ಹಣವಿಡದೆ ಕಡಿತ ತಪ್ಪಿಸುವುದು ದಾರಿಯಲ್ಲ. ನ್ಯಾಚ್ ಕಂತು ವಾಪಸಾದಾಗ ಬ್ಯಾಂಕುಗಳು ದಾನಿಗೇ ಶುಲ್ಕ ಹಾಕುತ್ತವೆ, ಮ್ಯಾಂಡೇಟ್ ಮಾತ್ರ ಹಾಗೇ ಉಳಿಯುತ್ತದೆ.

ಇನ್ನು ತೆರಿಗೆಯ ವಿಷಯ. ರಿಯಾಯಿತಿ ಸಿಗುವುದು ಕೊಟ್ಟ ಹಣಕ್ಕೆ; ಕೊಡುತ್ತೇನೆಂದ ಮಾತಿಗಲ್ಲ. ವರ್ಷದ ಮಧ್ಯದಲ್ಲಿ ನಿಲ್ಲಿಸಿದರೂ ಅದುವರೆಗಿನ ಕಂತುಗಳ ರಿಯಾಯಿತಿ ಹೋಗುವುದಿಲ್ಲ. ಈ ದಾನಿ ಕೊಟ್ಟದ್ದು 6,000 ರೂಪಾಯಿ. 80ಜಿ ಅನುಮೋದನೆ ಇರುವ ಸಾಮಾನ್ಯ ಸೇವಾಸಂಸ್ಥೆಗಾದರೆ ಅರ್ಧ, ಅಂದರೆ 3,000 ರೂಪಾಯಿ ಆದಾಯದಿಂದ ಕಳೆಯುತ್ತದೆ. ಶೇ 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವ ತೆರಿಗೆ 624 ರೂಪಾಯಿ. ಇದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ 80ಜಿ ರಿಯಾಯಿತಿ ಇಲ್ಲ.

ಪ್ರತಿ ತಿಂಗಳು ಬರುವ ರಸೀದಿಯೊಂದರಿಂದಲೇ ರಿಯಾಯಿತಿ ಸಿಗದು. ಸಂಸ್ಥೆ ಆರ್ಥಿಕ ವರ್ಷ ಮುಗಿದ ಮೇಲೆ ಎಲ್ಲ ದಾನಿಗಳ ಹೆಸರು, ಪ್ಯಾನ್, ಮೊತ್ತವನ್ನು ಫಾರ್ಮ್ 10ಬಿಡಿಯಲ್ಲಿ ಇಲಾಖೆಗೆ ಸಲ್ಲಿಸಿ, ದಾನಿಗೆ ಫಾರ್ಮ್ 10ಬಿಇ ಪ್ರಮಾಣಪತ್ರ ಕೊಡಬೇಕು. ಎರಡಕ್ಕೂ ಕೊನೆಯ ದಿನ ಮೇ 31. ರಿಯಾಯಿತಿ ಒಪ್ಪುವುದು ಈ ಮಾಹಿತಿಯ ಆಧಾರದ ಮೇಲೆಯೇ. ಹೀಗಾಗಿ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದ ದಾನಿಯ ಪ್ರಮಾಣಪತ್ರ ಬರುವುದು ಎಂಟು ತಿಂಗಳ ನಂತರ, 2025ರ ಮೇ ವೇಳೆಗೆ. ಈ ನಡುವೆ ಇಮೇಲ್ ಬದಲಾದರೆ ಸಂಸ್ಥೆಗೆ ತಿಳಿಸಬೇಕು. ತನ್ನ ವಿವರಗಳನ್ನೆಲ್ಲ ಅಳಿಸಿಹಾಕಿ ಎಂದು ಕೇಳುವುದಿದ್ದರೆ ಅದನ್ನೂ ಪ್ರಮಾಣಪತ್ರ ಕೈಸೇರಿದ ಮೇಲೆ ಕೇಳುವುದು ಒಳ್ಳೆಯದು.

ಪ್ರಮಾಣಪತ್ರ ಬಂದಾಗ ಪ್ಯಾನ್ ಸರಿಯಿದೆಯೇ, ಬ್ಯಾಂಕ್ ಪಾಸ್‌ಬುಕ್ಕಿನ ಕಂತುಗಳ ಮೊತ್ತಕ್ಕೆ ಅದು ತಾಳೆಯಾಗುತ್ತದೆಯೇ ಎಂದು ನೋಡಬೇಕು. ತಪ್ಪಿದ್ದರೆ ಸಂಸ್ಥೆ ತಿದ್ದಿದ 10ಬಿಡಿ ಸಲ್ಲಿಸಿ ಹೊಸ ಪ್ರಮಾಣಪತ್ರ ಕೊಡಬಹುದು. ಅಕ್ಟೋಬರ್ ಕಂತು ಕೈತಪ್ಪಿ ಕಡಿತವಾಗಿದ್ದು ಸಂಸ್ಥೆ ಅದನ್ನು ಮರಳಿಸಿದ್ದರೆ, ಪ್ರಮಾಣಪತ್ರದಲ್ಲಿ 7,000 ಅಲ್ಲ, 6,000 ಇರಬೇಕು. ಮರಳಿ ಬಂದ ಹಣಕ್ಕೆ ರಿಯಾಯಿತಿ ಕೇಳುವಂತಿಲ್ಲ. ಹಣವನ್ನು ದೇಣಿಗೆಯಾಗಿಯೇ ಬಿಟ್ಟುಕೊಟ್ಟರೆ 7,000 ಸರಿ.

2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಆ ದಿನದಿಂದಾಚೆಗಿನ ದೇಣಿಗೆಗೆ ಸೆಕ್ಷನ್ ಸಂಖ್ಯೆ ಬೇರೆ. ಅದಕ್ಕೆ ಹಿಂದಿನ ವರ್ಷಗಳ ದೇಣಿಗೆಗೆ 80ಜಿ ಹೆಸರೇ ಅನ್ವಯ. ರಿಟರ್ನ್ ಸಲ್ಲಿಸಿದ ಮೇಲೂ ಪ್ರಮಾಣಪತ್ರ, ಬ್ಯಾಂಕ್ ವಿವರ ಮತ್ತು ಮ್ಯಾಂಡೇಟ್ ರದ್ದಾದ ಉತ್ತರವನ್ನು ಒಟ್ಟಿಗೆ ಕಾಪಿಟ್ಟುಕೊಳ್ಳಬೇಕು. ಇಲಾಖೆಯ ನೋಟಿಸ್ ಬಂದರೆ ತೋರಿಸಬೇಕಾದ ದಾಖಲೆಗಳು ಇವೇ.