ಲಂಡನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಜಾಹೀರಾತಿನಲ್ಲಿ ಗೀರನ್ನೂ ಹೇಳುವ ಲೆಕ್ಕಾಚಾರ

ಗಲ್ಫ್‌ನಿಂದ ಲಂಡನ್‌ಗೆ ಹೋಗಿ ಹಳೆ ಕಾರು ಮಾರುವ ಅಂಗಡಿ ಇಡಬೇಕೆಂದುಕೊಂಡವರಿಗೆ ಮೊದಲು ಗೊತ್ತಿರಬೇಕಾದ್ದು ಎಂಒಟಿ ಟೆಸ್ಟ್. ನಮ್ಮ ಕಡೆ ಮುಲ್ಕಿಯಾ ರಿನ್ಯೂ ಮಾಡುವಾಗ ಪಾಸಿಂಗ್ ಮಾಡಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಆಗಬೇಕು. ವ್ಯತ್ಯಾಸ ಏನೆಂದರೆ ಅಲ್ಲಿ ನಂಬರ್ ಪ್ಲೇಟ್ ಒತ್ತಿದರೆ ಸಾಕು, ಹಳೆ ಟೆಸ್ಟ್‌ಗಳ ಫಲಿತಾಂಶ, ಆಗ ಓಡಿದ್ದ ಮೈಲಿ, "ಮುಂದೆ ನೋಡಿಕೊಳ್ಳಿ" ಎಂದು ಬರೆದ ಅಡ್ವೈಸರಿ ಎಲ್ಲವೂ ಸರಕಾರದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಂದ ಮೇಲೆ ಮುಚ್ಚಿಟ್ಟು ಪ್ರಯೋಜನ ಏನು?

ಉದಾಹರಣೆಗೆ 2016ರ ಒಂದು ಪೆಟ್ರೋಲ್ ಯಾರಿಸ್ ಇಟ್ಟುಕೊಳ್ಳಿ. ಅರ್ಧ ನಿಮಿಷದ ವಿಡಿಯೋಗೆ ಡೀಲರ್ ಹೀಗೆ ಬರೆಯಬಹುದು:

"ಓಡಿರುವುದು 61,200 ಮೈಲಿ, ನಂಬರ್ ಪ್ಲೇಟ್ ಕೆಳಗಿದೆ, ನೀವೇ ಚೆಕ್ ಮಾಡಿ. ಕಳೆದ ಎಂಒಟಿಯಲ್ಲಿ ಎರಡು ಅಡ್ವೈಸರಿ ಇತ್ತು. ಮುಂದಿನ ಟೈರ್ ಎರಡೂ ಬದಲಿಸಿದ್ದೇವೆ, ಬಿಲ್ ಇದೆ. ಮುಂದಿನ ಬ್ರೇಕ್ ಡಿಸ್ಕ್ ಸವೆದಿದೆ, ಬದಲಿಸಿಲ್ಲ, ಅದಕ್ಕೇ 180 ಪೌಂಡ್ ಇಳಿಸಿದ್ದೇವೆ. ಎಡ ಹಿಂಬಾಗಿಲಲ್ಲಿ ಗೇಣುದ್ದದ ಗೀರು, ಇಗೋ ನೋಡಿ. ಫೈನಾನ್ಸ್ ಬಾಕಿ ಇಲ್ಲ, ವಿಮೆಯವರು ರೈಟ್ ಆಫ್ ಮಾಡಿದ ಗಾಡಿಯಲ್ಲ, ವರದಿ ಕೊಡುತ್ತೇವೆ. ಯುಲೆಝ್ ಚಾರ್ಜ್ ಬೀಳುವುದಿಲ್ಲ."

ಕೊನೆಯ ಸಾಲು ಸಣ್ಣದಲ್ಲ. 2023ರ ಆಗಸ್ಟ್ 29ರಿಂದ ಯುಲೆಝ್ ಲಂಡನ್‌ನ ಎಲ್ಲ ಬರೋಗಳಿಗೂ ಬಂದಿದೆ. ಹೊಗೆಯ ಮಟ್ಟಕ್ಕೆ ಹೊಂದದ ಕಾರಿಗೆ ಓಡಿಸಿದ ದಿನಕ್ಕೆ 12.50 ಪೌಂಡ್. ವಾರಕ್ಕೆ ಐದು ದಿನ ಡ್ಯೂಟಿಗೆ ಹೋಗುವವನಿಗೆ ಅದು 62.50 ಪೌಂಡ್. ಪೆಟ್ರೋಲ್‌ಗೆ ಸಾಮಾನ್ಯವಾಗಿ ಯೂರೋ 4, ಡೀಸೆಲ್‌ಗೆ ಯೂರೋ 6 ಇರಬೇಕು. ಹಾಗಾಗಿ ಅಗ್ಗದ ಹಳೆ ಡೀಸೆಲ್ ಬಗ್ಗೆ ಇದನ್ನು ಹೇಳದೆ ಮಾರಿದರೆ ಗಿರಾಕಿ ಮರುವಾರವೇ ಬಾಗಿಲಿಗೆ ಬರುತ್ತಾನೆ.

ಬ್ರೇಕ್ ಡಿಸ್ಕ್ ವಿಷಯ ಬಾಯಿಬಿಟ್ಟು ಹೇಳುವುದರಲ್ಲಿ ಡೀಲರಿನ ಲಾಭವೂ ಇದೆ. ಅಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ದೋಷವಿದ್ದ ಕಾರನ್ನು 30 ದಿನದೊಳಗೆ ವಾಪಸ್ ಕೊಟ್ಟು ಹಣ ಕೇಳಬಹುದು. ಆಮೇಲೆಯೂ ಆರು ತಿಂಗಳೊಳಗೆ ದೋಷ ಕಂಡರೆ ಅದು ಮಾರುವಾಗಲೇ ಇತ್ತೆಂದು ಹಿಡಿಯುತ್ತಾರೆ, ಇರಲಿಲ್ಲವೆಂದು ತೋರಿಸುವ ಹೊಣೆ ಡೀಲರಿನದು. ಆದರೆ ಮಾರುವ ಮೊದಲೇ ನಿರ್ದಿಷ್ಟವಾಗಿ ತೋರಿಸಿದ ದೋಷದ ಮೇಲೆ ಗುಣಮಟ್ಟದ ತಕರಾರು ನಿಲ್ಲುವುದಿಲ್ಲ. "ಸ್ವಲ್ಪ ಸವೆತ ಇದೆ" ಅಂದರೆ ಸಾಲದು, ಯಾವ ಭಾಗ ಎಂದು ಹೇಳಬೇಕು, ಅದನ್ನೇ ಇನ್‌ವಾಯ್ಸ್‌ನಲ್ಲೂ ಬರೆದು ಸಹಿ ಹಾಕಿಸಿಕೊಳ್ಳಬೇಕು. ವಿಡಿಯೋ ನಾಳೆ ಡಿಲೀಟ್ ಆದರೂ ಕಾಗದ ಉಳಿಯುತ್ತದೆ.

"ಎಂಒಟಿ ಪಾಸ್, ಗಾಡಿ ಪರ್ಫೆಕ್ಟ್" ಎನ್ನುವ ಸಾಲನ್ನು ಮಾತ್ರ ಸ್ಕ್ರಿಪ್ಟ್‌ಗೆ ಸೇರಿಸಬಾರದು. ಆ ಟೆಸ್ಟ್‌ನಲ್ಲಿ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಎಷ್ಟು ಸವೆದಿದೆ ಎಂದು ನೋಡುವುದೇ ಇಲ್ಲ. ಬೇರೆ ಮೆಕ್ಯಾನಿಕ್‌ನಿಂದ ನೋಡಿಸಿದ್ದರೆ ಯಾವ ದಿನ, ಏನೇನು ನೋಡಿದರು ಎಂದು ಹೇಳಬೇಕು. ನೋಡಿಸಿಲ್ಲವಾದರೆ "ನಿಮ್ಮ ಮೆಕ್ಯಾನಿಕ್‌ನ ಕರಕೊಂಡು ಬನ್ನಿ" ಎಂದರೆ ಆಯಿತು.