ವೀಣೆ ಹಿಡಿಸುವ ವಾಕ್ಯ

ಒಬ್ಬರ ಛಾಯಾಚಿತ್ರವನ್ನು ಮಾದರಿಯಾಗಿ ಕೊಟ್ಟು ‘ಇವರು ವೀಣೆಯನ್ನು ಸರಿಯಾಗಿ ಹಿಡಿದಿರಲಿ’ ಎಂದು ಎಐ ಚಿತ್ರಸಾಧನಕ್ಕೆ ಬರೆದರೆ, ಮುಖವು ಬಹುಮಟ್ಟಿಗೆ ಹೋಲುತ್ತದೆ; ಕೈ ಮಾತ್ರ ತಪ್ಪುತ್ತದೆ. ವೀಣೆಯು ಗಿಟಾರಿನಂತೆ ಎದೆಗೊರಗುತ್ತದೆ, ಬೆರಳುಗಳು ದಂಡಿಯೊಳಗೆ ಕರಗಿಹೋಗುತ್ತವೆ. ಸಾಧನವು ಕಲಿತಿರುವುದು ಚಿತ್ರಗಳ ಹೋಲಿಕೆಯನ್ನೇ ಹೊರತು ವಾದನಕ್ರಮವನ್ನಲ್ಲ. ‘ಸರಿಯಾಗಿ’ ಎಂಬ ಪದವು ತೀರ್ಪನ್ನು ಹೇಳುತ್ತದೆ, ಭಂಗಿಯನ್ನು ವರ್ಣಿಸುವುದಿಲ್ಲ. ಯಾವ ಅಂಗ ವಾದ್ಯದ ಯಾವ ಭಾಗವನ್ನು ಮುಟ್ಟುತ್ತದೆಂಬುದನ್ನು ವಾಕ್ಯವೇ ಹೇಳಬೇಕು.

ಹೊಸೂರಿನ ಬಳಿಯ ಸಾನಮಾವಿನ ವಿದ್ಯಾರ್ಥಿನಿಯೊಬ್ಬಳು ವೀಣೆ ಶೇಷಣ್ಣನವರನ್ನು (1852–1926) ಕುರಿತ ಭಿತ್ತಿಪತ್ರಿಕೆಗಾಗಿ, ಗೆಳತಿಯ ಒಪ್ಪಿಗೆ ಪಡೆದು, ಆಕೆ ವೀಣೆ ನುಡಿಸುವ ಚಿತ್ರವನ್ನು ಸಿದ್ಧಪಡಿಸುತ್ತಾಳೆಂದು ಭಾವಿಸೋಣ. ಅವಳಿಗೆ ಎರಡು ಮಾದರಿ ಚಿತ್ರಗಳು ಬೇಕು. ಒಂದು ಗೆಳತಿಯದು, ಇನ್ನೊಂದು ವೈಣಿಕರೊಬ್ಬರ ಎರಡೂ ಕೈಗಳು ಸ್ಪಷ್ಟವಾಗಿ ಕಾಣುವಂಥದು. ಎರಡನ್ನೂ ಒಂದೇ ಕೋನದಿಂದ ತೆಗೆದಿದ್ದರೆ ಒಳಿತು. ಬಳಿಕ ಆಕೆ ಹೀಗೆ ಬರೆಯಬಹುದು:

‘ಮೊದಲ ಚಿತ್ರದಿಂದ ಮುಖ, ಉಡುಪುಗಳನ್ನು ಮಾತ್ರ ತೆಗೆದುಕೊ. ಎರಡನೆಯದರಿಂದ ವೀಣೆ, ಕೈಗಳ ಭಂಗಿಯನ್ನು ಮಾತ್ರ ತೆಗೆದುಕೊ. ಆಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾಳೆ. ವೀಣೆಯ ದೊಡ್ಡ ಕೊಡ ಆಕೆಯ ಬಲತೊಡೆಯ ಆಚೆ ನೆಲದ ಮೇಲಿದೆ. ಚಿಕ್ಕ ಬುರುಡೆ ಎಡತೊಡೆಯ ಮೇಲಿದೆ. ಎಡಗೈ ದಂಡಿಯ ಕೆಳಗಿನಿಂದ ಬಳಸಿ ಮೇಲೆ ಬಂದಿದೆ. ತೋರುಬೆರಳು, ನಡುಬೆರಳುಗಳು ತಂತಿಯನ್ನು ಮೆಟ್ಟಿಲಿನ ಹಿಂಬದಿಯಲ್ಲಿ ಒತ್ತಿವೆ. ಬಲಗೈಯ ಅಂಗೈ ಕೊಡದ ಮೇಲ್ಹಲಗೆಯ ಅಂಚಿನಲ್ಲಿ ಊರಿದೆ. ತೋರುಬೆರಳು, ನಡುಬೆರಳುಗಳು ತಂತಿ ಮೀಟುತ್ತಿವೆ. ಕಿರುಬೆರಳು ಪಕ್ಕದ ತಾಳದ ತಂತಿಗಳ ಬಳಿಯಿದೆ.’

ಇಲ್ಲಿ ‘ಆಕೆಯ’ ಎಂಬ ಪದ ಅಲಂಕಾರಕ್ಕಲ್ಲ. ಬರಿದೆ ‘ಬಲಕ್ಕೆ’ ಎಂದರೆ ನೋಡುವವರ ಬಲವೋ ನುಡಿಸುವವರ ಬಲವೋ ತಿಳಿಯದೆ, ಚಿತ್ರ ಕನ್ನಡಿಯ ಬಿಂಬದಂತೆ ತಿರುಗಬಹುದು.

ಬಂದ ಚಿತ್ರವನ್ನು ಹಿಗ್ಗಿಸಿ, ಮೊದಲು ಕೊಡ ಯಾವ ಬದಿಗಿದೆಯೆಂದು ನೋಡಬೇಕು. ಅನಂತರ ಪ್ರತಿ ಕೈಯ ಬೆರಳುಗಳನ್ನೆಣಿಸಿ, ಎಡಗೈ ಬೆರಳ ತುದಿ ತಂತಿಯನ್ನು ನಿಜವಾಗಿ ಮುಟ್ಟಿದೆಯೇ, ಮೇಲೆ ತೇಲುತ್ತಿದೆಯೇ ಎಂದು ಪರೀಕ್ಷಿಸಬೇಕು. ಒಂದು ಕೈ ಮಾತ್ರ ಕೆಟ್ಟಿದ್ದರೆ ಇಡೀ ಚಿತ್ರವನ್ನು ಮತ್ತೆ ಬರೆಸಬಾರದು. ಸರಿಯಾಗಿದ್ದ ಮುಖವೂ ಬದಲಾದೀತು. ಆ ಕೈ ಹಾಗೂ ಸುತ್ತಲ ದಂಡಿಯ ಭಾಗವನ್ನಷ್ಟೇ ಗುರುತಿಸಿ, ಅದಕ್ಕೆ ಸಂಬಂಧಿಸಿದ ಒಂದೇ ವಾಕ್ಯವನ್ನು ಕೊಟ್ಟು ತಿದ್ದಿಸಬೇಕು.

ಇಷ್ಟಾದರೂ ವೀಣೆಯ 24 ಮೆಟ್ಟಿಲುಗಳು, 7 ತಂತಿಗಳು ಎಣಿಕೆಗೆ ಸರಿಹೊಂದದಿರಬಹುದು. ಸಂಖ್ಯೆಯನ್ನು ಬರೆದರೂ ಸಾಧನ ಅದನ್ನು ಪಾಲಿಸುವ ಭರವಸೆಯಿಲ್ಲ. ಕೋಣೆಯ ಆಚೆ ಬದಿಯಿಂದ ನೋಡುವ ಭಿತ್ತಿಪತ್ರಿಕೆಗೆ ಅದು ಸಾಕಾದೀತು. ವೀಣೆ ಕಲಿಯುವವರಿಗೆ ಬೆರಳಿನ ಸ್ಥಾನ ತೋರಿಸುವ ಪಾಠಕ್ಕಾದರೆ ಅಂಥ ಚಿತ್ರ ಸಲ್ಲದು. ಅಲ್ಲಿ ವೈಣಿಕರ ನಿಜ ಛಾಯಾಚಿತ್ರವೇ ಬೇಕು.