ಎರಡು ಜನಸಮುದಾಯಗಳ ನಡುವೆ ಎಷ್ಟು ಅಂತರ?

ಎರಡು ಜನಸಮುದಾಯಗಳು ವಂಶವಾಹಿಗಳ ಮಟ್ಟದಲ್ಲಿ ಎಷ್ಟು ಬೇರೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆಯೇ ಫಿಕ್ಸೇಶನ್ ಇಂಡೆಕ್ಸ್, ಅಂದರೆ FST. ಅಮೆರಿಕದ ತಳಿವಿಜ್ಞಾನಿ ಸ್ಯೂಯಲ್ ರೈಟ್ ರೂಪಿಸಿದ ಅಳತೆ ಇದು. ಲೆಕ್ಕ ಹೈಸ್ಕೂಲಿನ ಗಣಿತಕ್ಕಿಂತ ಕಷ್ಟವಿಲ್ಲ.

ಒಂದು ಜೀನ್‌ಗೆ A, a ಎಂಬ ಎರಡು ರೂಪಗಳಿವೆ ಎನ್ನೋಣ. ಇವೇ ಆಲೀಲ್‌ಗಳು. ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು ಬರುವುದರಿಂದ ಕೆಲವರಲ್ಲಿ Aa ಎಂಬ ಮಿಶ್ರ ಜೋಡಿ ಇರುತ್ತದೆ. A ಪ್ರಮಾಣ p ಆದರೆ, ಜನ ಮನಬಂದಂತೆ ಬೆರೆತು ಮದುವೆಯಾಗುವಲ್ಲಿ ಮಿಶ್ರ ಜೋಡಿಯವರ ಪಾಲು 2p(1−p).

ಒಂದು ಊರಿನಲ್ಲಿ p = 0.9, ಇನ್ನೊಂದರಲ್ಲಿ 0.5 ಎಂದಿಟ್ಟುಕೊಳ್ಳಿ. ಮೊದಲ ಊರಿನಲ್ಲಿ ಮಿಶ್ರ ಜೋಡಿ 2 × 0.9 × 0.1 = 0.18, ಎರಡನೆಯದರಲ್ಲಿ 0.50. ಎರಡರ ಸರಾಸರಿ 0.34, ಇದು HS. ಈಗ ಎರಡೂ ಊರನ್ನು ಸಮಪಾಲಾಗಿ ಬೆರೆಸಿ ಒಂದೇ ಊರೆಂದು ಭಾವಿಸಿ. p ಸರಾಸರಿ 0.7 ಆಗುತ್ತದೆ, ಮಿಶ್ರ ಜೋಡಿ 2 × 0.7 × 0.3 = 0.42 ಇರಬೇಕಿತ್ತು. ಇದು HT. ಇರಬೇಕಾದದ್ದಕ್ಕಿಂತ ಕಡಿಮೆ ಬಿದ್ದ ಪಾಲೇ ಊರುಗಳು ಬೇರೆಯಾಗಿರುವುದರ ಗುರುತು:

```
FST = (HT − HS) / HT
    = (0.42 − 0.34) / 0.42 = 0.19
```

ಅಂದರೆ ಈ ಜೀನ್‌ನ ಒಟ್ಟು ವೈವಿಧ್ಯದಲ್ಲಿ ನೂರಕ್ಕೆ 19 ಪಾಲು ಊರುಗಳ ನಡುವಿನದು, ಉಳಿದ 81 ಊರೊಳಗಿನದೇ. ಎರಡೂ ಕಡೆ p ಒಂದೇ ಆಗಿದ್ದರೆ ಉತ್ತರ ಸೊನ್ನೆ. ಒಂದು ಕಡೆ ಎಲ್ಲವೂ A, ಇನ್ನೊಂದು ಕಡೆ ಎಲ್ಲವೂ a ಆಗಿದ್ದರೆ 1.

ಆ ಒಂದರ ಹತ್ತಿರ ಹೋಗುವ ಜೀನ್ ನಿಜಕ್ಕೂ ಇದೆ. ಕೆಂಪು ರಕ್ತಕಣದ ಮೇಲೆ ಡಫಿ ಪ್ರೋಟೀನ್ ಬರದಂತೆ ಮಾಡುವ ಆಲೀಲ್ ಪಶ್ಚಿಮ ಆಫ್ರಿಕದಲ್ಲಿ ಬಹುತೇಕ ಎಲ್ಲರಲ್ಲೂ ಇದೆ, ಯುರೋಪಿನಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಆ ಪ್ರೋಟೀನ್ ಇಲ್ಲದ ಕಣದೊಳಕ್ಕೆ ವೈವ್ಯಾಕ್ಸ್ ಮಲೇರಿಯಾ ಪರಾವಲಂಬಿ ನುಗ್ಗುವುದು ಬಹಳ ಕಷ್ಟ. ಈ ಒಂದು ಜೀನ್ ಹಿಡಿದು ಎರಡು ಖಂಡದ ಜನ ಪೂರ್ತಿ ಬೇರೆ ಎಂದರೆ ತಪ್ಪಾಗುತ್ತದೆ. ರಿಚರ್ಡ್ ಲೆವೊಂಟಿನ್ 1972ರಲ್ಲಿ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡಿದಾಗ ಮನುಷ್ಯರ ವೈವಿಧ್ಯದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೊಂದು ಜನಸಮುದಾಯದ ಒಳಗೇ ಸಿಕ್ಕಿತು. ಸರಾಸರಿಯಿಂದ ಇಷ್ಟು ದೂರ ಎದ್ದು ನಿಂತ ಜೀನ್ ಕಂಡರೆ, ಅಲ್ಲಿ ನೈಸರ್ಗಿಕ ಆಯ್ಕೆ ಕೆಲಸ ಮಾಡಿರಬಹುದೆಂಬ ಗುಮಾನಿ ಸರಿ.

ಇನ್ನೊಂದು ಬಲೆ ಇದಕ್ಕೆ ಉಲ್ಟಾ. ಒಂದು ಊರಿನಲ್ಲಿ ಸಮಪ್ರಮಾಣದ ಹತ್ತು ಆಲೀಲ್, ಇನ್ನೊಂದರಲ್ಲಿ ಬೇರೆಯೇ ಹತ್ತು, ಒಂದೂ ಹೊಂದುವುದಿಲ್ಲ. ಆಗ HS 0.90, HT 0.95, FST ಬರೇ 0.05! ಊರೊಳಗಿನ ವೈವಿಧ್ಯ ಹೆಚ್ಚಿದಷ್ಟೂ ಈ ಸಂಖ್ಯೆಗೆ ಮೇಲೇರಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಯಾರಾದರೂ FST ಚಿಕ್ಕದು, ಆದ್ದರಿಂದ ವ್ಯತ್ಯಾಸವಿಲ್ಲ ಎಂದರೆ, ಮೊದಲು HS ಎಷ್ಟಿತ್ತು ಎಂದು ಕೇಳಿ.